ಬೆಲ್ಲ-ನೀರು ಕೊಡದ ಮನೆ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಹೊನ್ನಾವರದ ನಮ್ಮ ಹಳೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೊನ್ನೆ ನಡೆದ ಶೋಕಸಭೆಯಲ್ಲಿ ಯಾರೂ ಆಡಲಿಲ್ಲ. ಶಿಸ್ತಿನ ಮೂರ್ತಿ ಅಂದರು, ದೇಶಭಕ್ತರ ಮಗಳು ಅಂದರು, ಹಾರ ಹಾಕಿದರು. ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದವಳೆಂದು ನನಗೂ ನಾಲ್ಕು ಮಾತಾಡಲು ಹೇಳಿದರು. ಗಂಟಲು ಕೆಟ್ಟಿದೆ ಎಂದು ತಪ್ಪಿಸಿಕೊಂಡೆ. ನನ್ನ ಗಂಟಲು ಚೆನ್ನಾಗಿಯೇ ಇತ್ತು. ಅಲ್ಲಿ ಬಾಯಿ ತೆಗೆದಿದ್ದರೆ ಹಾರ ಬಾಡುತ್ತಿತ್ತು ಅಷ್ಟೆ. ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಅವರ ಹೆಸರು ಬೇಡ. ಊರಿಗೆಲ್ಲ ಅವರು ದೊಡ್ಡಕ್ಕೋರು, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ. ನಾನು ಸಣ್ಣಕ್ಕೋರು. ಐವತ್ತರ ದಶಕದ ಕೊನೆಯಲ್ಲಿ ಭಟ್ಕಳದಿಂದ ಟ್ರಂಕು ಹೊತ್ತು ಆ ಶಾಲೆಗೆ ಬಂದಾಗ ನನಗೆ ಮದುವೆಯೂ ಆಗಿರಲಿಲ್ಲ, ಬುದ್ಧಿಯೂ ಬಂದಿರಲಿಲ್ಲ. ಸೇರಿದ ದಿನವೇ ಸಂಜೆ, ದೊಡ್ಡವರನ್ನು ಕಂಡು ಬರಬೇಕು ಎಂದು ಅವರ ಮನೆಗೆ ಹೋದೆ. ಬಂದರಿನ ಕಡೆಯಿಂದ ಏರು ಹತ್ತಿ ಹೋದವಳಿಗೆ ಗಂಟಲು ಒಣಗಿತ್ತು. ಜಗಲಿಯಲ್ಲಿ ಕೂರಿಸಿದರು. ಶಾಲೆಯ ನಿಯಮಗಳನ್ನು ಹೇಳಿದರು. ಹೊತ್ತು ಮುಳುಗಿತು. ನೀರು ಬರಲಿಲ್ಲ.

ನಮ್ಮ ಕಡೆಯವರಿಗೆ ಇದು ಎಂಥ ಮಾತೆಂದು ಬಿಡಿಸಿ ಹೇಳಬೇಕಾಗಿಲ್ಲ. ಜಗಲಿ ಹತ್ತಿದವನು ಶತ್ರುವೇ ಆಗಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಮಾತು ಆಮೇಲೆ. ಭಟ್ಕಳದಲ್ಲಿ ನಮ್ಮ ನೆರೆಯ ನವಾಯತ ಮುಸಲ್ಮಾನರ ಮನೆಯಲ್ಲಿ ಕೂಡ ಬಾಯಾರಿ ಬಂದವರನ್ನು ಹಾಗೇ ಕಳಿಸಿದ್ದು ನಾನು ಕಂಡಿಲ್ಲ. ಈ ಮನೆಗೆ ಎಷ್ಟೋ ವರ್ಷ ಹೋಗಿ ಬಂದೆ, ಒಂದು ಗುಟುಕು ನೀರು ಕಾಣಲಿಲ್ಲ. ಊರವರು ಅದಕ್ಕೆ ಒಂದು ತಮಾಷೆಯನ್ನೇ ಮಾಡಿಕೊಂಡಿದ್ದರು. ಯಾರಾದರೂ ಆ ಕಡೆ ಹೊರಟರೆ, "ದೊಡ್ಡಕ್ಕೋರ ಮನಿಗನಾ? ನೀರು ಕುಡ್ಕಂಡೇ ಹೋಗಿ" ಎನ್ನುತ್ತಿದ್ದರು. ಜಿಪುಣಿ ಎಂದು ನಾನೂ ನಂಬಿದ್ದೆ.

ಆ ಮನೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ತೊಳೆದ ಪಾತ್ರೆಗಳನ್ನು ಅಂಗಳದ ಬಿಸಿಲಿಗೆ ಬೋರಲು ಹಾಕುತ್ತಿರಲಿಲ್ಲ. ಅಕ್ಕೋರ ವಯಸ್ಸಾದ ತಾಯಿ ಹಿತ್ತಿಲಲ್ಲಿ ಕೂತು ತಿಕ್ಕುವರು, ನೀರು ಸೋರುತ್ತಿರುವಾಗಲೇ ಒಳಗೆ ಹೊತ್ತು ಮಂಚದ ಕೆಳಗೆ ಸೇರಿಸುವರು. ಬಾಗಿಲು ಬಡಿದರೆ ಮನೆಯಲ್ಲಿ ಯಾರೂ "ಯಾರು?" ಎನ್ನುತ್ತಿರಲಿಲ್ಲ. ಮೊದಲು ಎಲ್ಲರೂ ಸುಮ್ಮನಾಗುವರು. ಅಜ್ಜಿಯ ಕೈಯ ಪಾತ್ರೆ ನಿಲ್ಲುವುದು, ಅಕ್ಕೋರ ಮಾತು ನಿಲ್ಲುವುದು. ಹನ್ನೆರಡರ ಹುಡುಗಿ ಗಿರಿಜೆ, ಅಕ್ಕೋರ ಮಗಳು, ತಾಯಿಯ ಮುಖ ನೋಡುವಳು. ಆ ಮುಖ ಸಡಿಲವಾದ ಮೇಲೆಯೇ ಮಗುವಿಗೆ ಉಸಿರು. ಬಡಿದವನು ನೋಡಿದರೆ ಹಾಲಿನವನು.

ಶಾಲೆಯಲ್ಲಿ ಅವರ ಆಳ್ವಿಕೆ ಒಂದು ಗಾದೆಯ ಮೇಲೆ ನಡೆಯುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ. ಪ್ರತಿ ಸೋಮವಾರ ಹಲಗೆಯ ಮೇಲೆ ಅದನ್ನೇ ಬರೆಸುವರು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎಂಬ ಗಾದೆಯೂ ಇದೆಯಲ್ಲ ಎಂದು ಒಮ್ಮೆ ನಾನು ತಮಾಷೆ ಮಾಡಿದ್ದಕ್ಕೆ ವಾರವಿಡೀ ನನ್ನ ಹಾಜರಿಗೆ ತಕರಾರು ತೆಗೆದರು.

ಅವರನ್ನು ನಾನು ದ್ವೇಷಿಸಲು ಶುರುಮಾಡಿದ್ದು ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದ ದಿನ. ಬಿಸಿಲಲ್ಲಿ ಬಂದ ಆ ಮನುಷ್ಯ ಕುರ್ಚಿಯಲ್ಲಿ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮೂರನೆಯ ಇಯತ್ತೆಯ ಒಂದು ಹುಡುಗಿ, ಮೀನು ಮಾರುವವಳ ಮಗಳು, ಯಾರೂ ಹೇಳದೆ ಎದ್ದು ಓಡಿ ಹೋಗಿ ಲೋಟದಲ್ಲಿ ನೀರು ತಂದಳು. ಸಾಹೇಬರು ಅವಳ ತಲೆ ಸವರಿ, "ಶಾಣ್ಯಾ ಹುಡುಗಿ" ಎಂದರು. ಅವರು ಹೋದ ಮೇಲೆ ಅಕ್ಕೋರು ಆ ಹುಡುಗಿಯನ್ನು ಕರೆದು ಕೆನ್ನೆಗೆ ಬಾರಿಸಿದ ಸದ್ದು ಪಕ್ಕದ ಕೋಣೆಗೂ ಕೇಳಿತು.

"ಯಾರು ಕೇಳಿದ್ರು ನಿನ್ನ ಹತ್ರ? ಯಾರು ಕೇಳಿದ್ರು ನೀರು?"

ಅವರ ಮುಖ ಬಿಳಿಚಿತ್ತು, ತುಟಿ ನಡುಗುತ್ತಿತ್ತು. ಆಗ ಅದನ್ನು ನಾನು ಸಿಟ್ಟು ಎಂದುಕೊಂಡೆ. ಹೆದರಿಕೆ ಎಂದು ಹೊಳೆಯಲು ಬಹಳ ಕಾಲ ಬೇಕಾಯಿತು. ಹೊಳೆದ ಮೇಲೂ ಆ ಹುಡುಗಿಯ ಕೆನ್ನೆ ನನಗೆ ಮರೆತಿಲ್ಲ.

ಹೊರಗಿನ ಮಕ್ಕಳಿಗೆ ಶಾಲೆ ಬಿಟ್ಟರೆ ಬಿಡುಗಡೆ. ಗಿರಿಜೆಗೆ ಅದೂ ಇರಲಿಲ್ಲ. ಒಂದು ದಿನ ಆ ಹುಡುಗಿ ಎಡಗೈಯಲ್ಲಿ ಬರೆಯುತ್ತಿರುವುದನ್ನು ಕಂಡೆ. ಬಲಗೈ ಲಂಗದ ಮಡಿಕೆಯೊಳಗೆ. ಎಳೆದು ನೋಡಿದರೆ ಮಣಿಕಟ್ಟು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹಿಂದಿನ ವಾರ ಗೇರುಮರದಿಂದ ಬಿದ್ದಿದ್ದಳಂತೆ.

"ಅಮ್ಮಂಗೆ ಹೇಳ್ಲಿಲ್ವನೆ?"

"ಇಲ್ಲ."

"ಎಂತಕ್ಕೆ?"

ಅವಳು ಯೋಚಿಸಿದಳು. "ನಮ್ಮನೇಲಿ ಹೇಳೂದಿಲ್ಲ ಅಕ್ಕೋರೆ" ಎಂದಳು.

ಡಾಕ್ಟರರು ಮೂಳೆ ಕೂರಿಸುವಾಗ ನಾನು ಕಣ್ಣು ಮುಚ್ಚಿಕೊಂಡೆ. ಗಿರಿಜೆ ಚೀರಲಿಲ್ಲ. ಸುದ್ದಿ ತಿಳಿದು ಬಂದ ಅಕ್ಕೋರಿಗೆ ಡಾಕ್ಟರರು, "ಈ ಕೂಸು ಅಳೂದೇ ಇಲ್ವಲ್ರೀ" ಎಂದು ಗಾಬರಿಯಿಂದಲೇ ಹೇಳಿದರು. ಅಕ್ಕೋರ ಮುಖದಲ್ಲಿ ಹೆಮ್ಮೆ ಮೂಡಿತು. "ನಮ್ಮ ಮನೆಯಲ್ಲಿ ಅಳುವ ಪದ್ಧತಿ ಇಲ್ಲ" ಎಂದರು. ಅವತ್ತು ಆ ಹೆಂಗಸಿನ ಮೋರೆ ನೋಡಬಾರದು ಅನ್ನಿಸಿತು ನನಗೆ.

ಅವರಿಗೊಬ್ಬ ಮಗನೂ ಇದ್ದ. ಮುಂಬಯಿಯಲ್ಲಿ ನೌಕರಿಯಲ್ಲಿದ್ದ ಗಂಡ ಅವನನ್ನು ಹಸುಗೂಸಾಗಿದ್ದಾಗಲೇ ತಮ್ಮ ಅಕ್ಕನ ಮಡಿಲಿಗೆ ಕೊಂಡೊಯ್ದಿದ್ದರು. ಮೇ ತಿಂಗಳಲ್ಲಿ ಅವನು ಬಂದರೆ ಮನೆಗೆ ಸದ್ದು ಬರುತ್ತಿತ್ತು. ಬಾಗಿಲು ಬಡಿದರೆ ಓಡಿಹೋಗಿ ತೆಗೆಯುವನು. ಬಿದ್ದರೆ ಬೀದಿಗೆ ಕೇಳುವಂತೆ ಅಳುವನು. ಅದೇ ರಕ್ತ, ಅದೇ ಹೊಟ್ಟೆ. ಆ ಮನೆಯ ಗಾಳಿಯಲ್ಲಿ ಬೆಳೆಯಲಿಲ್ಲ ಅಷ್ಟೆ. ರಕ್ತದಲ್ಲೇ ಬಂದದ್ದು ಎಂದು ಹೇಳುವವರಿಗೆಲ್ಲ ನಾನು ಆ ಹುಡುಗನನ್ನು ತೋರಿಸುತ್ತೇನೆ.

ಗುಟ್ಟು ಹೇಳಿದ್ದು ಅಜ್ಜಿ. ಅಕ್ಕೋರು ಕಾರವಾರಕ್ಕೆ ಮೀಟಿಂಗಿಗೆ ಹೋಗಿದ್ದ ದಿನ ಗಿರಿಜೆಯ ಕೈ ಹೇಗಿದೆ ನೋಡೋಣ ಎಂದು ಹೋದೆ. ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಪಾತ್ರೆ ತಿಕ್ಕುತ್ತಿದ್ದರು. ನಡೆದು ದಣಿದಿದ್ದೆ, ಸಿಟ್ಟೂ ಇತ್ತು. ಬೇಕೆಂದೇ, "ಅಜ್ಜಿ, ಬೆಲ್ಲ-ನೀರು ಕೊಡಿ" ಎಂದೆ.

ಅಜ್ಜಿಯ ಕೈಯಿಂದ ತಂಬಿಗೆ ಜಾರಿ ಮೆಟ್ಟಿಲಿಳಿದು ಉರುಳಿತು.

"ಈ ಮನೇಲಿ ಅದನ್ನ ಕೇಳ್ಬೇಡ ತಂಗಿ" ಎಂದರು. ಬಹಳ ಹೊತ್ತು ಬೂದಿ ಹಾಕಿ ತಿಕ್ಕಿದ ಪಾತ್ರೆಯನ್ನೇ ತಿಕ್ಕಿದರು. ಆಮೇಲೆ, ತಲೆ ಎತ್ತದೆ, ಹೇಳಿದರು.

ಅವರ ಊರು ಅಂಕೋಲೆಯ ಕಡೆ. ಕರನಿರಾಕರಣೆಯ ಕಾಲ. ಗಂಡ ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ಜೈಲಿಗೆ ಹೋದರು. ಜಪ್ತಿಯವರು ಊರೂರು ತಿರುಗಿ ದನ, ಹಂಡೆ, ತಪ್ಪಲೆ ಎಲ್ಲವನ್ನೂ ಹೊತ್ತೊಯ್ಯುತ್ತಿದ್ದರು. ಜಪ್ತಿಯವರಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು ಎಂದು ಊರು ಕಟ್ಟು ಮಾಡಿತ್ತು. ಅಜ್ಜಿ, ಆಗಿನ್ನೂ ಹರೆಯದ ಹೆಂಗಸು, ಸೊಂಟದಲ್ಲಿ ಕೈಗೂಸು. ಬೆಳಗಾಗುವ ಮೊದಲೇ ತಾಮ್ರದ ಪಾತ್ರೆಗಳನ್ನೆಲ್ಲ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರು. ಎಂಟು ವರ್ಷದ ಮಗಳಿಗೆ, ಅಂದರೆ ನಮ್ಮ ಅಕ್ಕೋರಿಗೆ, "ಎಂತ ಕೇಳಿದ್ರೂ ಬಾಯಿ ಬಿಡ್ಬೇಡ" ಎಂದರು.

"ಬಾಯಿ ಬಿಡ್ಲಿಲ್ಲ ತಂಗಿ ಅದು. ಒಂದಕ್ಷರ ಹೇಳ್ಲಿಲ್ಲ. ಜಪ್ತಿಯವ್ರ ಜೊತೆ ಬಂದ ಪಟ್ಟೇವಾಲ ನಮ್ಮೂರವನೇ. ಜಗಲಿ ಮೇಲೆ ಕೂತು, ಉಶ್ಶ್ ಅಂದ, ಬಾಯಾರಿಕೆ ಆತು ಅಂದ. ಕೂಸಿಗೆ ಎಂತ ಗೊತ್ತು? ಬಂದವ್ರಿಗೆ ನೀರು ಕೊಡ್ಬೇಕು ಅಂತ ನಾನೇ ಕಲ್ಸಿದ್ದು. ಒಳಗಿಂದ ಬೆಲ್ಲ ತಂದು ಅವನ ಕೈಗಿಟ್ತು. ಕೊಡಪಾನ ತಕಂಡು ಬಾವಿಗೆ ಹೋತು."

ಬೇಸಿಗೆ. ಬಾವಿಯಲ್ಲಿ ನೀರು ತಳ ಕಂಡಿತ್ತು. ಕೊಡಪಾನ ಇಳಿದು ಹಂಡೆಗೆ ಬಡಿದ ಸದ್ದು ಜಗಲಿಗೆ ಕೇಳಿತು.

ಎಲ್ಲವನ್ನೂ ಎತ್ತಿದರು. ಮನೆಗೆ ಬೀಗ ಜಡಿದು ಮೊಹರು ಹಾಕಿದರು. ತಾಯಿ ಮಕ್ಕಳು ಸೋಗೆಯ ಬಿಡಾರದಲ್ಲಿ ಮಳೆಗಾಲ ಕಳೆದರು. ಒಂದೇ ಮಣ್ಣಿನ ಗಡಿಗೆಯಲ್ಲಿ ಅಡಿಗೆ, ಅದರಲ್ಲೇ ಬಿಸಿನೀರು. ಕೈಗೂಸಿಗೆ ಜ್ವರ ಬಂತು. ಆಷಾಢದಲ್ಲಿ ತೀರಿಕೊಂಡಿತು.

"ಮಗಳಿಗೆ ಪೆಟ್ಟು ಹಾಕ್ಲಿಲ್ಲ ನಾನು. ಬಾವಿಕಟ್ಟೆ ಹತ್ರ ಓಡಿ ಹೋಗಿ ಅದರ ಬಾಯಿ ಒತ್ತಿ ಹಿಡ್ದೆ, ಇನ್ನೆಂತ ಹೇಳಿಬಿಡ್ತೋ ಅಂತ. ಕೈಗೂಸು ಹೋದ ದಿನ ಒಂದೇ ಮಾತು ಅಂದೆ. 'ನಿನ್ನ ಬೆಲ್ಲ-ನೀರಿಗೆ ಹೋತು' ಅಂದೆ. ಮತ್ತೆ ಯಾವತ್ತೂ ಅದರ ಬಗ್ಗೆ ಮಾತಾಡ್ಲಿಲ್ಲ. ನಾನೂ ಆಡ್ಲಿಲ್ಲ, ಅದೂ ಆಡ್ಲಿಲ್ಲ."

ಆಮೇಲೆ ಗಂಡ ಬಿಡುಗಡೆಯಾಗಿ ಬಂದರು. ಕೆಲವು ವರ್ಷಕ್ಕೆ ಭೂಮಿಯೂ ತಿರುಗಿ ಬಂತು, ಸನ್ಮಾನವೂ ಆಯಿತು. ಆಗಸ್ಟ್ ಹದಿನೈದಕ್ಕೆ ಶಾಲೆಯ ಧ್ವಜದ ಕೆಳಗೆ ಅಕ್ಕೋರು ಪ್ರತಿ ವರ್ಷ ತಂದೆಯ ಜೈಲಿನ ಕತೆ ಹೇಳುವರು. ಆ ಕತೆಯಲ್ಲಿ ಬಾವಿ ಇರಲಿಲ್ಲ, ಕೈಗೂಸು ಇರಲಿಲ್ಲ. ಬೆಲ್ಲ ತಂದ ಹುಡುಗಿಯಂತೂ ಇರಲೇ ಇಲ್ಲ. ತ್ಯಾಗದ ಕತೆಯೊಳಗೆ ಅಂಥ ಹುಡುಗಿಗೆ ಎಲ್ಲಿಯ ಜಾಗ?

ಆ ಎಂಟು ವರ್ಷದ ಹುಡುಗಿಯ ಬಗ್ಗೆ ನನಗೆ ಮರುಕವಾಯಿತು. ಈಗಲೂ ಆಗುತ್ತದೆ. ಆದರೆ ಆ ಹುಡುಗಿ ಬೇರೆ, ಮೀನಿನವಳ ಮಗಳ ಕೆನ್ನೆಗೆ ಹೊಡೆದ ಹೆಂಗಸು ಬೇರೆ. ಒಬ್ಬಳ ದುಃಖವನ್ನು ಇನ್ನೊಬ್ಬಳ ಲೆಕ್ಕಕ್ಕೆ ಜಮಾ ಮಾಡಲು ನನ್ನಿಂದ ಆಗಲಿಲ್ಲ.

ಮುಂದೆ ಅಜ್ಜಿ ತೀರಿಕೊಂಡರು. ಹೆಣದ ಮುಂದೆಯೂ ಆ ಮನೆಯಲ್ಲಿ ಅಳು ಕೇಳಲಿಲ್ಲ. ತಿಂಗಳು ಕಳೆದ ಮೇಲೆ ಧೈರ್ಯ ಮಾಡಿ ಅಕ್ಕೋರಿಗೆ ನನಗೆಲ್ಲ ಗೊತ್ತು ಎಂದೆ. ಗಿರಿಜೆಗೆ ಒಮ್ಮೆ ಹೇಳಿಬಿಡಿ, ಮಗುವಿಗೆ ತನ್ನ ಮನೆಯಲ್ಲಿ ಯಾಕೆ ಹೀಗೆ ಎಂದು ಗೊತ್ತಾಗಲಿ ಎಂದೆ. ಅವರು ಎದ್ದು ಕಿಟಕಿ ಮುಚ್ಚಿದರು.

"ಅದು ನನ್ನ ಜೊತೆಗೇ ಸುಟ್ಟು ಹೋಗಬೇಕು. ಅವಳಿಗೆ ಅದರ ನೆರಳೂ ಬೀಳಬಾರದು ಅಂತಲೇ ಬಾಯಿ ಬಿಡದೆ ಸಾಕಿದ್ದೇನೆ. ನೀವು ನಿಮ್ಮ ಕೆಲಸ ನೋಡಿ."

ಅವರು ಹಾಗೆ ನಂಬಿದ್ದರು, ಅದು ಸುಳ್ಳಲ್ಲ. ಕತೆಯೊಂದನ್ನು ಮುಚ್ಚಿಟ್ಟರೆ ಆಯಿತು, ಮಗಳು ಪಾರಾದಳು ಎಂದು. ಬಾಗಿಲು ಬಡಿದಾಗ ತಾಯಿಯ ಉಸಿರು ನಿಲ್ಲುವುದನ್ನು ಮಗು ದಿನವೂ ನೋಡುತ್ತಿತ್ತು. ಅತ್ತರೆ ತಾಯಿಯ ಮುಖ ಕಲ್ಲಾಗುವುದನ್ನು ತೊಟ್ಟಿಲಿನಿಂದಲೇ ಕಂಡಿತ್ತು. ಏನೋ ಭಯಂಕರವಾದದ್ದಿದೆ, ಅದನ್ನು ಕೇಳಬಾರದು, ಅದು ಬಾಯಿಂದಲೇ ಬರುತ್ತದೆ. ಇಷ್ಟನ್ನು ಮಗು ಪಾಠದಂತೆ ಕಲಿತಿತ್ತು. ಕತೆ ಗೊತ್ತಿದ್ದ ತಾಯಿಗೆ ತಾನು ಹೆದರುವುದು ಜಪ್ತಿಯವನಿಗೆ ಎಂದಾದರೂ ತಿಳಿದಿತ್ತು. ಗಿರಿಜೆಗೆ ಹೆದರಿಕೆ ಮಾತ್ರ ಸಿಕ್ಕಿತು, ಹೆದರಬೇಕಾದವನ ಮುಖ ಸಿಗಲಿಲ್ಲ. ಹಾಗಾಗಿ ಅವಳು ಎಲ್ಲರಿಗೂ ಹೆದರಿದಳು.

ಗಿರಿಜೆಗೆ ಹದಿನೆಂಟಕ್ಕೇ ಕುಮಟೆಗೆ ಮದುವೆಯಾಯಿತು. ಕೆಲವು ವರ್ಷಕ್ಕೆ ನನಗೂ ಅಲ್ಲಿಗೇ ವರ್ಗವಾಯಿತು. ಅವಳ ಅತ್ತೆ ಸಂತೆಯಲ್ಲಿ ಸಿಕ್ಕಿ ದೂರಿನ ಗಂಟು ಬಿಚ್ಚಿದರು.

"ಎಂತಾ ಸೊಸಿ ಮಾರಾಯ್ತಿ! ಮನಿಗೆ ಬಂದವ್ರಿಗೆ ನೀರು ಕೊಡು ಅಂದ್ರೆ ಕೈ ನಡುಗ್ತದೆ, ಲೋಟ ಚೆಲ್ತದೆ, ಒಳಗೆ ಹೋಗಿ ಕೂತ್ಕಂತದೆ. ಈಗ ಮೊಮ್ಮಗಳಿಗೆ ಮೂರು ತುಂಬ್ತು. ಮನಿಯವ್ರ ಹತ್ರ ಗುಸುಗುಸು ಅಂತದೆ, ಹೊರಗಿನವ್ರು ಬಂದ್ರೆ ಮೂಗಿ. ಡಾಕ್ಟ್ರು ಕಿವಿ, ಗಂಟಲು ಎಲ್ಲಾ ಸರಿ ಇದೆ ಅಂದ್ರು. ಕೂಸನ್ನ ಕರ್ಕಂಡು ಹೋಗಿ ಅಂತ ಸೊಸಿ ತಾಯಿಗೆ ಹೇಳಿ ಕಳ್ಸಿದ್ದೇನೆ. ಅಕ್ಕೋರಲ್ವಾ, ಅವರೇ ತಿದ್ಲಿ."

ಅವರೇ ತಿದ್ದಲಿ! ಚೀಲ ಹಿಡಿದುಕೊಂಡೇ ಗಿರಿಜೆಯ ಮನೆಗೆ ನಡೆದೆ.

ಬಾಗಿಲು ಹಾಕಿತ್ತು. ಬಡಿದೆ. ಒಳಗೆ ಎಲ್ಲ ಸ್ತಬ್ಧವಾಯಿತು. ನನಗೆ ಆ ಮೌನದ ಪರಿಚಯವಿತ್ತು. ಕಿಟಕಿಯ ಸರಳಿನಲ್ಲಿ ಇಣುಕಿದೆ. ಗಿರಿಜೆ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮಡಿಲಲ್ಲಿ ಮಗು. ಅವಳ ಅಂಗೈ ಮಗುವಿನ ಬಾಯಿಯ ಮೇಲೆ ಒತ್ತಿತ್ತು. ಮಗು ಕೊಸರಾಡುತ್ತಿರಲಿಲ್ಲ. ಅಭ್ಯಾಸವಾದವರ ಹಾಗೆ ಮೂಗಿನಿಂದ ಉಸಿರಾಡುತ್ತಾ ಬಾಗಿಲನ್ನೇ ನೋಡುತ್ತಿತ್ತು.

ಅವಳಿಗೆ ಬಾವಿಕಟ್ಟೆಯ ಕತೆ ಗೊತ್ತಿರಲಿಲ್ಲ. ಅಜ್ಜಿಯ ಕೈ ಮಾತ್ರ ಅವಳಿಗೆ ಬಂದಿತ್ತು.

ಬಾಗಿಲು ತೆಗೆದವರು ಅಕ್ಕೋರು. ಬೆಳಗಿನ ಬಸ್ಸಿಗೆ ಬಂದಿದ್ದರು. ಮಗುವಿನ ಬಟ್ಟೆಬರೆ ಗಂಟು ಕಟ್ಟಿ ಇಟ್ಟಾಗಿತ್ತು.

"ಮಗುವನ್ನು ಕರೆದುಕೊಂಡು ಹೋಗುತ್ತೇನೆ" ಎಂದರು. "ಇಲ್ಲಿ ಮುದ್ದು ಹೆಚ್ಚಾಗಿದೆ."

"ಆ ಮನೆಗೆ ಈ ಮಗು ಹೋಗುವುದು ಬೇಡ ಅಕ್ಕೋರೆ."

"ಕೇಳಲು ನೀವು ಯಾರು?"

ನಾನು ಅವರನ್ನು ಬಿಟ್ಟು ಗಿರಿಜೆಯ ಕಡೆ ತಿರುಗಿದೆ. "ಗಿರಿಜಾ, ಮಗುವಿನ ಬಾಯಿ ಎಂತಕ್ಕೆ ಮುಚ್ಚಿದ್ದೆ?"

ಅವಳು ತನ್ನ ಕೈ ನೋಡಿಕೊಂಡಳು. "ಗೊತ್ತಿಲ್ಲ" ಎಂದಳು. "ಅದಾಗೇ ಹೋಗ್ತದೆ."

"ನನಗೆ ಗೊತ್ತುಂಟು. ನಿನ್ನ ಅಜ್ಜಿ ಹೇಳಿದ್ದು. ನಿನ್ನ ಅಮ್ಮ ಎಂಟು ವರ್ಷದವಳಿದ್ದಾಗ—"

ಅಷ್ಟೇ ಹೇಳಲಾದದ್ದು. ಅಕ್ಕೋರು ಎರಡೇ ಹೆಜ್ಜೆಗೆ ಬಂದು ನನ್ನ ಬಾಯಿಯ ಮೇಲೆ ಅಂಗೈ ಒತ್ತಿದರು. ಶಾಲೆಯ ದೊಡ್ಡಕ್ಕೋರು, ನರೆಗೂದಲಿನ ಹೆಂಗಸು, ನನ್ನ ತಲೆಯನ್ನು ಗೋಡೆಗೆ ಒತ್ತಿ ಹಿಡಿದರು. ಆ ಕೈಗೆ ಸೀಮೆಸುಣ್ಣದ ವಾಸನೆಯಿತ್ತು. ಅವರ ಕಣ್ಣಲ್ಲಿ ನಾನಿರಲಿಲ್ಲ. ಯಾವ ಜಗಲಿಯಲ್ಲಿ ಯಾರು ಕೂತಿದ್ದರೋ ಅವರೇ ಬಲ್ಲರು.

ಗಿರಿಜೆ ನೋಡಿದಳು. ತಾಯಿಯ ಕೈಯನ್ನು, ತನ್ನ ಕೈಯನ್ನು, ಮಗುವಿನ ಬಾಯಿಯ ಸುತ್ತ ಇನ್ನೂ ಕೆಂಪಗಿದ್ದ ಬೆರಳಿನ ಗುರುತನ್ನು. ಎದ್ದು ಬಂದಳು. ಹುಟ್ಟಿದ ಮೇಲೆ ತಾಯಿಗೆ ಎದುರಾಡದವಳು ಆ ಮಣಿಕಟ್ಟು ಹಿಡಿದು ಎಳೆದಳು.

"ಕೈ ತೆಗಿ ಅಮ್ಮ. ನಂಗೆ ಕೇಳ್ಬೇಕು."

ಅಕ್ಕೋರು ಕೇಳಲು ನಿಲ್ಲಲಿಲ್ಲ. ಕೊಡೆ ಎತ್ತಿಕೊಂಡು ಬಸ್ಸಿಗೆ ಹೊರಟರು. ಮಗುವಿನ ಗಂಟು ಅಲ್ಲೇ ಉಳಿಯಿತು. ತಾವೇ ಹೇಳಿಬಿಡಲು ಅವತ್ತು ಅವರಿಗೆ ಒಂದು ಅವಕಾಶವಿತ್ತು. ಅದನ್ನೂ ಒದ್ದು ಹೋದರು. ಅದಕ್ಕಾಗಿ ಕೂಡ ನಾನು ಅವರನ್ನು ಕ್ಷಮಿಸಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಬಾವಿ, ಬೆಲ್ಲ, ಕೈಗೂಸು, ಅಜ್ಜಿಯ ಆ ಒಂದು ಮಾತು. ಗಿರಿಜೆ, "ನಂಗೆ ತಲೆ ಸರಿ ಇಲ್ಲ ಅಂತ ಮಾಡಿದ್ದೆ" ಎಂದಳು. ಆಮೇಲೆ ಅತ್ತಳು. ಕಲಿಯದ ಕೆಲಸದ ಹಾಗೆ, ಸದ್ದು ಎಲ್ಲಿಂದ ಬರಬೇಕೆಂದು ತಿಳಿಯದೆ ಬಿಕ್ಕಿದಳು. ಮಗು ಬಂದು ಅವಳ ಮುಖವನ್ನು ಕುತೂಹಲದಿಂದ ಮುಟ್ಟಿ ನೋಡಿತು.

ಕತೆ ಹೇಳಿದ ಕೂಡಲೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಬಾಗಿಲ ಸದ್ದಾದರೆ ಗಿರಿಜೆಯ ಕೈ ಮತ್ತೂ ಏಳುತ್ತಿತ್ತು. ಆದರೆ ಈಗ ಅದು ಯಾರ ಕೈಯೆಂದು ಅವಳಿಗೆ ಗೊತ್ತಿತ್ತು. ಏಳುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, "ಪೋಸ್ಟಿನವ ಬಂದ ಮಗಾ, ಬೇರೆ ಯಾರೂ ಅಲ್ಲ" ಎಂದು ದೊಡ್ಡದಾಗಿ ಹೇಳುವಳು. ಮಗುವಿಗೆ ಎಷ್ಟು ಹೇಳುತ್ತಿದ್ದಳೋ ತನಗೂ ಅಷ್ಟೇ. ಅತ್ತೆ ಕಳಿಸುವ ಮಾತು ಬಿಟ್ಟರು. ಮಗು ಮೊದಲು ನನ್ನ ಕಿವಿಯಲ್ಲಿ ಪಿಸುಗುಟ್ಟಿತು. ಮಳೆಗಾಲ ಕಳೆಯುವಷ್ಟರಲ್ಲಿ ಹಾಲಿನವನ ಜೊತೆ ಎಮ್ಮೆಯ ಬಗ್ಗೆ ವಾದಕ್ಕೆ ಇಳಿಯಿತು.

ಅಕ್ಕೋರು ಆಮೇಲೆ ಕುಮಟೆಯ ಕಡೆ ಬರಲಿಲ್ಲ. ಗಿರಿಜೆ ಹೋದರೆ ಮಾತಾಡಿಸುವರು, ಆ ಮಾತು ಎತ್ತಿದರೆ ಎದ್ದು ಒಳಗೆ ಹೋಗುವರು. ಹೃದಯ ನಿಂತು ಹೋದರು. ಎದೆನೋವು ಎಂದು ಯಾರಿಗೂ ಹೇಳಿರಲಿಲ್ಲವಂತೆ. ಶೋಕಸಭೆಯಲ್ಲಿ ಅದನ್ನೂ ಧೈರ್ಯ ಅಂದರು!

ಹದಿಮೂರನೆಯ ದಿನದ ಕಾರ್ಯ ಕಳೆದ ಮೇಲೆ ಹೊನ್ನಾವರದ ಆ ಮನೆಗೆ ಹೋದೆ. ಅಂಗಳದ ತುಂಬ ತೊಳೆದ ಪಾತ್ರೆಗಳು ಬಿಸಿಲಿಗೆ ಬೋರಲು ಬಿದ್ದಿದ್ದವು. ಜಗಲಿಯಲ್ಲಿ ಕೂತೆ. ಗಿರಿಜೆ ಒಳಗಿಂದ ಬಂದು ಎದುರು ಕೂತಳು. ಅವಳ ಹಿಂದೆ ಮಗು, ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ದಾರಿಯುದ್ದ ಚೆಲ್ಲುತ್ತಾ ಬಂತು. ನನ್ನ ಅಂಗೈಯಲ್ಲಿ ಅಂಟುವ ಬೆಲ್ಲದ ತುಂಡು ಇಟ್ಟಿತು.

"ಮೊದ್ಲು ಬೆಲ್ಲ ತಿನ್ನಿ ಅಕ್ಕೋರೆ, ಮತ್ತೆ ನೀರು" ಎಂದು ನನಗೇ ಪಾಠ ಹೇಳಿತು.

ಆ ಹೊತ್ತಿಗೆ ಹಿತ್ತಿಲ ಬಾಗಿಲು ಯಾರೋ ಬಡಿದರು. ಗಿರಿಜೆಯ ಕೈ ಅರ್ಧ ಎದ್ದಿತು. ಮಗು ಆ ಕೈಯನ್ನು ನೋಡಿತು. "ಯಾರೂ..." ಎಂದು ಬೀದಿಗೆ ಕೇಳುವಂತೆ ಕೂಗುತ್ತಾ ಒಳಗೆ ಓಡಿತು. ಗಿರಿಜೆ ಎದ್ದ ಕೈಯಿಂದ ಕಣ್ಣೊರೆಸಿಕೊಂಡಳು.

ಗೋಡೆಯ ಮೇಲೆ ಅಕ್ಕೋರ ಪಟವಿತ್ತು, ಹಾರ ಹಾಕಿದ್ದರು. ಬಂದವರೆಲ್ಲ ಕೈ ಮುಗಿದು ಹೋಗುತ್ತಿದ್ದರು. ನಾನು ಮುಗಿಯಲಿಲ್ಲ. ಅವರ ಎದುರಿಗೇ ಕೂತು ಬೆಲ್ಲ ಕಚ್ಚಿ ಆ ತಂಬಿಗೆ ನೀರನ್ನು ಪೂರ್ತಿ ಕುಡಿದೆ, ಮಗು ತಿರುಗಿ ಬಂದಾಗ ಇನ್ನೊಂದು ತಂಬಿಗೆ ಕೇಳಿದೆ.